ವೇಗದ ಗ್ರಾಫ್‌ನ ಸ್ಕ್ರೀನ್‌ಶಾಟ್ ಒಂದೇ ಉಳಿದಿದ್ದರೆ: ವೇಗೋತ್ಕರ್ಷ, ಸ್ಥಾನಪಲ್ಲಟ ಎರಡನ್ನೂ ಅಳೆಯುವ ಬಗೆ

ಮೊನ್ನೆ ಸಂಜೆ ಅಕ್ಕನ ಮಗಳು ವಾಟ್ಸಾಪ್‌ನಲ್ಲಿ ಒಂದು ಚಿತ್ರ ಕಳಿಸಿದಳು. ಅವಳು ಬೆಂಗಳೂರಲ್ಲೇ ಮೊದಲ ಪಿಯುಸಿ ಓದುತ್ತಿದ್ದಾಳೆ. ಚಿತ್ರದಲ್ಲಿ ಒಂದು ಗ್ರಾಫ್. ಗೆರೆ ಸರ್ರನೆ ಮೇಲೇರಿ, ಆಮೇಲೆ ಓರೆಯಾಗಿ ಇಳಿದು, ಸೊನ್ನೆ ದಾಟಿ ಕೆಳಗೆ ಹೋಗಿ, ಕೊನೆಗೆ ಮತ್ತೆ ಸೊನ್ನೆಗೆ ಬಂದು ನಿಂತಿತ್ತು.

"ಮಾವ, ಲ್ಯಾಬ್ ಕಂಪ್ಯೂಟರ್‌ನಲ್ಲಿ ಫೈಲ್ ಸೇವ್ ಮಾಡೋಕೆ ಮರೆತೆ. ಇದೊಂದು ಸ್ಕ್ರೀನ್‌ಶಾಟ್ ಇದೆ. ವೇಗೋತ್ಕರ್ಷ ಮೈನಸ್ 0.73 ಬಂತು, ಸ್ಥಾನಪಲ್ಲಟ 1.14 ಮೀಟರ್ ಬಂತು. ಸರಿ ಇದೆಯಾ ನೋಡಿ, ನಾಳೆ ರೆಕಾರ್ಡ್ ಕೊಡಬೇಕು."

ಮೊದಲನೆಯದು ಅರ್ಧ ಸರಿ ಇತ್ತು. ಎರಡನೆಯದು ಪೂರ್ತಿ ತಪ್ಪು. ತಮಾಷೆ ಅಂದರೆ ಅವಳು ಅಳೆದದ್ದೆಲ್ಲ ಸರಿಯೇ ಇತ್ತು, ಕೂಡಿಸಿದ ರೀತಿ ಮಾತ್ರ ಎಡವಿತ್ತು. ಅವತ್ತು ಫೋನಿನಲ್ಲಿ ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಪ್ರಯೋಗ ಇಷ್ಟೇ. 1.2 ಮೀಟರ್ ಉದ್ದದ ಅಲ್ಯೂಮಿನಿಯಂ ಹಳಿ. ಅದರ ಒಂದು ತುದಿಯ ಕೆಳಗೆ ಪುಸ್ತಕ ಇಟ್ಟು 9 ಸೆಂಟಿಮೀಟರ್ ಎತ್ತಿದ್ದಾರೆ. ತಗ್ಗಿನ ತುದಿಯಲ್ಲಿ ಶಬ್ದದ ಅಲೆ ಬಿಟ್ಟು ದೂರ ಅಳೆಯುವ ಸೆನ್ಸರ್ ಇದೆ. ಹಳಿಯ ಮೇಲೆ ಅರ್ಧ ಕೆಜಿ ತೂಕದ ಪುಟ್ಟ ಗಾಡಿ. ಗಾಡಿಯನ್ನು ಕೈಯಿಂದ ಮೇಲಕ್ಕೆ ತಳ್ಳಿ ಬಿಡುತ್ತಾರೆ. ಅದು ಏರುತ್ತಾ ನಿಧಾನವಾಗಿ, ಒಂದು ಕ್ಷಣ ನಿಂತು, ವಾಪಸ್ ಇಳಿಯುತ್ತದೆ. ಇಳಿಯುವಾಗ ಕೈಯಲ್ಲಿ ಹಿಡಿದು ನಿಲ್ಲಿಸುತ್ತಾರೆ. ಸೆನ್ಸರ್‌ನಿಂದ ದೂರ ಹೋಗುವ ದಿಕ್ಕು, ಅಂದರೆ ಏರುವ ದಿಕ್ಕು, ಪ್ಲಸ್.

ಅಳೆಯುವ ಮೊದಲು ಅಕ್ಷಗಳನ್ನು ಓದಿ

ಸ್ಕ್ರೀನ್‌ಶಾಟ್ ಸಿಕ್ಕ ಕೂಡಲೇ ಗೆರೆಯ ಮೇಲೆ ಕಣ್ಣು ಹೋಗುತ್ತದೆ. ಹೋಗಬಾರದು. ಮೊದಲು ನೋಡಬೇಕಾದ್ದು ಅಂಚಿನ ಅಂಕಿಗಳನ್ನು. ನಿಂತ ಅಕ್ಷದಲ್ಲಿ ಇರುವುದು ವೇಗವೇ ತಾನೇ? ಇದೇ ಸಾಫ್ಟ್‌ವೇರ್ ದೂರದ ಗ್ರಾಫನ್ನೂ ಪಕ್ಕದ ಟ್ಯಾಬ್‌ನಲ್ಲಿ ತೋರಿಸುತ್ತದೆ. ಅದರ ಸ್ಲೋಪ್, ಅಂದರೆ ಗೆರೆಯ ಓರೆ, ತೆಗೆದರೆ ಸಿಗುವುದು ವೇಗ, ವೇಗೋತ್ಕರ್ಷ ಅಲ್ಲ. ವೇಗೋತ್ಕರ್ಷ ಸಿಗುವುದು ವೇಗದ ಗ್ರಾಫ್‌ನ ಸ್ಲೋಪ್‌ನಿಂದ.

ಇನ್ನೊಂದು, ಸೊನ್ನೆ ಎಲ್ಲಿದೆ ಅಂತ ಹುಡುಕಿ. ಗ್ರಾಫ್‌ನ ಕೆಳ ಅಂಚೇ ಸೊನ್ನೆ ಅಂದುಕೊಳ್ಳುವವರು ಬಹಳ ಜನ. ಪುಸ್ತಕದ ಗ್ರಾಫ್‌ಗಳು ಹಾಗೆ ಇರುತ್ತವೆ, ಅಭ್ಯಾಸ ಆಗಿಬಿಟ್ಟಿರುತ್ತದೆ. ಆದರೆ ಸಾಫ್ಟ್‌ವೇರ್ ತಾನೇ ಅಳತೆ ಹೊಂದಿಸಿಕೊಂಡಾಗ ಕೆಳ ಅಂಚು ಮೈನಸ್ 1 ಇರಬಹುದು, 0.2 ಕೂಡ ಇರಬಹುದು. ನಮ್ಮ ಚಿತ್ರದಲ್ಲಿ ವೇಗ ಮೈನಸ್ 1ರಿಂದ ಪ್ಲಸ್ 1 ಮೀಟರ್ ಪ್ರತಿ ಸೆಕೆಂಡ್‌ವರೆಗೆ ಇತ್ತು, ಸೊನ್ನೆ ನಟ್ಟನಡುವೆ. ಅಡ್ಡ ಅಕ್ಷದಲ್ಲಿ ಸಮಯ 0ಯಿಂದ 4 ಸೆಕೆಂಡ್.

ಪಿಕ್ಸೆಲ್‌ನಿಂದ ವೇಗಕ್ಕೆ

ಚಿತ್ರವನ್ನು ಕಂಪ್ಯೂಟರ್‌ನಲ್ಲಿ ಪೇಂಟ್‌ನಲ್ಲಿ ತೆರೆಯಿರಿ. ಮೌಸ್ ಓಡಿಸಿದಂತೆ ಕೆಳಗಿನ ಪಟ್ಟಿಯಲ್ಲಿ ಎರಡು ಸಂಖ್ಯೆ ಬದಲಾಗುತ್ತವೆ. ಮೊದಲನೆಯದು ಎಡ ಅಂಚಿನಿಂದ ಎಷ್ಟು ಪಿಕ್ಸೆಲ್ ಅಂತ. ಎರಡನೆಯದು ಮೇಲಿನ ಅಂಚಿನಿಂದ ಎಷ್ಟು ಪಿಕ್ಸೆಲ್ ಅಂತ. ಮೇಲಿನಿಂದ ಅನ್ನುವುದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಗ್ರಾಫ್‌ನಲ್ಲಿ ಮೇಲೆ ಹೋದರೆ ವೇಗ ಜಾಸ್ತಿ. ಚಿತ್ರದಲ್ಲಿ ಮೇಲೆ ಹೋದರೆ ಪಿಕ್ಸೆಲ್ ಸಂಖ್ಯೆ ಕಮ್ಮಿ. ಇದನ್ನು ಮರೆತರೆ ಉತ್ತರದ ಅಂಕಿ ಸರಿ ಬಂದು ಚಿಹ್ನೆ ಉಲ್ಟಾ ಆಗುತ್ತದೆ.

ಈಗ ಪ್ರತಿ ಅಕ್ಷದಲ್ಲೂ ಅಂಕಿ ಬರೆದಿರುವ ಎರಡು ಗುರುತು ಆರಿಸಿ. ಎಷ್ಟು ದೂರ ದೂರ ಇದ್ದರೆ ಅಷ್ಟು ಒಳ್ಳೆಯದು. ನಮ್ಮ ಚಿತ್ರದಲ್ಲಿ 0 ಸೆಕೆಂಡ್‌ನ ಗೆರೆ ಎಡದಿಂದ 112ನೇ ಪಿಕ್ಸೆಲ್‌ನಲ್ಲಿತ್ತು, 4 ಸೆಕೆಂಡ್‌ನದು 1112ರಲ್ಲಿ. ಸಾವಿರ ಪಿಕ್ಸೆಲ್‌ಗೆ ನಾಲ್ಕು ಸೆಕೆಂಡ್, ಅಂದರೆ ಒಂದು ಸೆಕೆಂಡ್‌ಗೆ 250 ಪಿಕ್ಸೆಲ್. ವೇಗ ಪ್ಲಸ್ 1ರ ಗೆರೆ ಮೇಲಿನಿಂದ 90ರಲ್ಲಿ, ಮೈನಸ್ 1ರದು 510ರಲ್ಲಿ. 420 ಪಿಕ್ಸೆಲ್‌ಗೆ 2 ಮೀಟರ್ ಪ್ರತಿ ಸೆಕೆಂಡ್, ಅಂದರೆ ಒಂದಕ್ಕೆ 210. ಸೊನ್ನೆ ಎರಡರ ಮಧ್ಯ, 300ರಲ್ಲಿ ಬರಬೇಕು. ಹೋಗಿ ನೋಡಿ, ಅಲ್ಲೇ ಇದೆಯಾ ಅಂತ. ಇದ್ದರೆ ಓದಿದ್ದು ಸರಿ.

ಎಡದಿಂದ ಎಣಿಸಿದ್ದನ್ನು `X`, ಮೇಲಿನಿಂದ ಎಣಿಸಿದ್ದನ್ನು `Y` ಅಂತ ಕರೆದರೆ:

```
t = (X - 112) / 250
v = (300 - Y) / 210
```

ಎರಡನೇ ಸಾಲಿನಲ್ಲಿ 300ರಿಂದ `Y` ಕಳೆದಿದ್ದೇವೆ, `Y`ಯಿಂದ 300 ಅಲ್ಲ. ಮೇಲೆ ಹೇಳಿದ ಉಲ್ಟಾ ಇಲ್ಲೇ ಸರಿಯಾಗಿಬಿಡುತ್ತದೆ.

"ವಾಟ್ಸಾಪ್ ಚಿತ್ರನ ಚಿಕ್ಕದು ಮಾಡುತ್ತಲ್ವಾ ಮಾವ, ಅಳತೆ ಹಾಳಾಗಲ್ವಾ?" ಅಂತ ಕೇಳಿದಳು. ಒಳ್ಳೆ ಪ್ರಶ್ನೆ. ಹಾಳಾಗುವುದಿಲ್ಲ. ಚಿತ್ರ ಚಿಕ್ಕದಾದರೆ ಗೆರೆಯೂ ಅಕ್ಷವೂ ಒಟ್ಟಿಗೇ ಚಿಕ್ಕದಾಗುತ್ತವೆ. ಯಾರೋ ಅಡ್ಡಡ್ಡ ಎಳೆದು ಅಗಲ ಮಾಡಿದ್ದರೂ ಪರವಾಗಿಲ್ಲ, ಎರಡು ಅಕ್ಷಕ್ಕೂ ಬೇರೆ ಬೇರೆ ಅಳತೆ ಇಟ್ಟುಕೊಂಡಿದ್ದೇವೆ. ಆದರೆ ಒಂದು ಚಿತ್ರದಿಂದ ಅಕ್ಷ ಓದಿ, ಇನ್ನೊಂದರಿಂದ ಗೆರೆ ಓದಬಾರದು. ಹಾಗೆಯೇ, ಸ್ಕ್ರೀನ್‌ಶಾಟ್ ತೆಗೆಯದೆ ಮಾನಿಟರ್‌ನ ಫೋಟೋ ಹೊಡೆದಿದ್ದರೆ ಕಷ್ಟ. ಫೋನ್ ಸ್ವಲ್ಪ ಓರೆ ಹಿಡಿದಿದ್ದರೂ ಎಡಗಡೆಯ ಒಂದು ಸೆಕೆಂಡ್ ಬಲಗಡೆಯ ಒಂದು ಸೆಕೆಂಡ್‌ಗಿಂತ ಅಗಲ ಕಾಣುತ್ತದೆ. 0, 2, 4 ಸೆಕೆಂಡ್ ಗೆರೆಗಳ ನಡುವಿನ ಅಂತರ ಒಂದೇ ಇದೆಯಾ ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ. ಇಲ್ಲದಿದ್ದರೆ ಆ ಚಿತ್ರ ಬಿಟ್ಟು ಬೇರೆ ಕೇಳಿ.

ಕೆಲವರು ಪ್ರಿಂಟ್ ತೆಗೆದು ಕೋನಮಾಪಕ ಇಟ್ಟು, ಕೋನದ ಟ್ಯಾನ್ ತೆಗೆದು ಅದೇ ವೇಗೋತ್ಕರ್ಷ ಅಂತ ಬರೆಯುತ್ತಾರೆ. ನಮ್ಮ ಏರುವ ಭಾಗಕ್ಕೆ ಹಾಗೆ ಮಾಡಿದರೆ 0.66 ಬರುತ್ತದೆ. ನಿಜವಾದ ಉತ್ತರ 0.78. ಅಡ್ಡಕ್ಕೆ 250, ಉದ್ದಕ್ಕೆ 210 ಅಂತ ಅಳತೆ ಬೇರೆ ಇರುವಾಗ ಪರದೆಯ ಮೇಲಿನ ಕೋನಕ್ಕೆ ಅರ್ಥವೇ ಇಲ್ಲ. ಕಿಟಕಿಯನ್ನು ಮೌಸ್‌ನಲ್ಲಿ ಎಳೆದರೆ ಕೋನ ಬದಲಾಗುತ್ತದೆ, ಗಾಡಿ ಬದಲಾಗುವುದಿಲ್ಲ.

ಗೆರೆಯನ್ನು ನಾಲ್ಕು ತುಂಡು ಮಾಡಿ

ಇಡೀ ಗೆರೆಗೆ ಒಂದೇ ಲೆಕ್ಕ ಹಾಕಲು ಹೋಗಬೇಡಿ. ಗಾಡಿಗೆ ಏನೇನಾಯಿತು ಅಂತ ನೆನೆದುಕೊಂಡು ತುಂಡು ಮಾಡಿ. 0.3ರಿಂದ 0.6 ಸೆಕೆಂಡ್‌ವರೆಗೆ ಕೈ ತಳ್ಳುತ್ತಿದೆ, ಗೆರೆ ಬಾಗಿದೆ. 0.6ರಲ್ಲಿ ಕೈ ಬಿಟ್ಟಿತು. ಅಲ್ಲಿಂದ 1.8ರವರೆಗೆ ಗಾಡಿ ತಾನಾಗಿ ಏರುತ್ತಿದೆ, ಗೆರೆ ನೇರ. 1.8ರಲ್ಲಿ ಗೆರೆ ಸೊನ್ನೆ ದಾಟುತ್ತದೆ, ಗಾಡಿ ತುತ್ತತುದಿಯಲ್ಲಿದೆ. 2.9ರವರೆಗೆ ಇಳಿತ. ಆಮೇಲೆ 0.1 ಸೆಕೆಂಡ್‌ನಲ್ಲಿ ಕೈ ಹಿಡಿದು ನಿಲ್ಲಿಸಿದೆ.

ವೇಗೋತ್ಕರ್ಷ ಅಂತ ಪ್ರಯೋಗ ಕೇಳುತ್ತಿರುವುದು ನಡುವಿನ ಎರಡು ತುಂಡಿನದು ಮಾತ್ರ. ಕೈ ತಳ್ಳಿದ ಭಾಗದಲ್ಲಿ ಅದು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಅದು ಹಳಿಯ ವಿಷಯ ಅಲ್ಲ, ಹುಡುಗಿಯ ಕೈಯ ವಿಷಯ. ಆದರೆ ಸ್ಥಾನಪಲ್ಲಟ ಕೇಳಿದಾಗ ನಾಲ್ಕೂ ತುಂಡು ಲೆಕ್ಕಕ್ಕೆ ಬರುತ್ತವೆ. ಕೈ ತಳ್ಳುವಾಗಲೂ ಗಾಡಿ ಜರುಗಿದೆ ತಾನೇ.

ಸ್ಲೋಪ್: ಎರಡು ಬಿಂದು, ದೂರ ದೂರ

ಏರುವ ಭಾಗದಲ್ಲಿ ಎರಡು ಬಿಂದು ಆರಿಸೋಣ. ಮೂಲೆಗಳ ಹತ್ತಿರ ಬೇಡ. ಸೆನ್ಸರ್ ಅಳೆಯುವುದು ದೂರವನ್ನು ಮಾತ್ರ. ಅಕ್ಕಪಕ್ಕದ ಓದುಗಳ ವ್ಯತ್ಯಾಸದಿಂದ ಸಾಫ್ಟ್‌ವೇರ್ ವೇಗ ಲೆಕ್ಕ ಹಾಕುತ್ತದೆ. ಹಾಗಾಗಿ ಚೂಪು ಮೂಲೆಗಳೆಲ್ಲ ಗ್ರಾಫ್‌ನಲ್ಲಿ ಸವೆದು ದುಂಡಗಾಗಿರುತ್ತವೆ. ಮೂಲೆಯಿಂದ 0.1 ಸೆಕೆಂಡ್ ಆದರೂ ಒಳಗೆ ಬನ್ನಿ.

ಒಂದು ಬಿಂದು `X = 287`, `Y = 120`. ಇನ್ನೊಂದು `X = 537`, `Y = 284`.

```
t1 = (287 - 112)/250 = 0.70 s    v1 = (300 - 120)/210 = 0.857 m/s
t2 = (537 - 112)/250 = 1.70 s    v2 = (300 - 284)/210 = 0.076 m/s

a = (0.076 - 0.857) / (1.70 - 0.70) = -0.78 m/s²
```

ಗೆರೆ ಮೂರು ಪಿಕ್ಸೆಲ್ ದಪ್ಪ ಇದ್ದರೆ ಅದರ ನಡುವನ್ನು ಓದಿ, ಎರಡೂ ಕಡೆ ಹಾಗೆಯೇ ಓದಿ.

ದೂರ ದೂರ ಯಾಕೆ ಅಂದರೆ, ಮೌಸ್ ಇಟ್ಟು ಓದುವಾಗ ಎರಡು ಪಿಕ್ಸೆಲ್ ಆಚೀಚೆ ಆಗುವುದು ಸಹಜ. ಒಂದು ಬಿಂದು ಎರಡು ಪಿಕ್ಸೆಲ್ ಮೇಲೆ, ಇನ್ನೊಂದು ಎರಡು ಕೆಳಗೆ ಹೋದರೆ ಒಟ್ಟು ನಾಲ್ಕು ಪಿಕ್ಸೆಲ್. ವೇಗದಲ್ಲಿ ಅದು 0.02 ಮೀಟರ್ ಪ್ರತಿ ಸೆಕೆಂಡ್. ಬಿಂದುಗಳ ನಡುವೆ ಒಂದು ಸೆಕೆಂಡ್ ಇದ್ದರೆ ವೇಗೋತ್ಕರ್ಷದಲ್ಲೂ ತಪ್ಪು 0.02. ಅದೇ 0.2 ಸೆಕೆಂಡ್ ಅಂತರದ ಬಿಂದುಗಳಾದರೆ ತಪ್ಪು 0.1 ಆಗಿಬಿಡುತ್ತದೆ. ಈ ಪ್ರಯೋಗದಲ್ಲಿ 0.1 ಅಂದರೆ ಎಲ್ಲವನ್ನೂ ನುಂಗುವಷ್ಟು ದೊಡ್ಡದು. ಯಾಕೆ ಅಂತ ಈಗ ನೋಡಿ.

ಇಳಿಯುವ ಭಾಗದಲ್ಲಿ ಒಂದು ಬಿಂದು `X = 587`, `Y = 314`. ಇನ್ನೊಂದು `X = 812`, `Y = 443`.

```
t3 = 1.90 s    v3 = (300 - 314)/210 = -0.067 m/s
t4 = 2.80 s    v4 = (300 - 443)/210 = -0.681 m/s

a = (-0.681 + 0.067) / (2.80 - 1.90) = -0.68 m/s²
```

ಏರುವಾಗ ಮೈನಸ್ 0.78. ಇಳಿಯುವಾಗ ಮೈನಸ್ 0.68. ಅಕ್ಕನ ಮಗಳು ಮೊದಲ ಬಿಂದುವಿನಿಂದ ಕೊನೆಯ ಬಿಂದುವಿಗೆ ಒಂದೇ ಗೆರೆ ಎಳೆದಿದ್ದಳು. ಅದಕ್ಕೇ 0.73 ಬಂದಿತ್ತು.

"ಅದು ಥಿಯರಿಗೆ ಸರಿಯಾಗಿ ಹೊಂದುತ್ತೆ ಮಾವ!" ಅಂದಳು. ನಿಜ, ಹೊಂದುತ್ತದೆ. ಹಳಿ 1.2 ಮೀಟರ್‌ಗೆ 0.09 ಮೀಟರ್ ಎದ್ದಿದೆ. ಬೆಂಗಳೂರಿನಲ್ಲಿ ಗುರುತ್ವದ ವೇಗೋತ್ಕರ್ಷ 9.78. ಸಮಭಾಜಕ ವೃತ್ತಕ್ಕೆ ಹತ್ತಿರ ಇದ್ದೇವೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲೂ ಇದ್ದೇವೆ, ಅದಕ್ಕೆ ಪುಸ್ತಕದ 9.8ಕ್ಕಿಂತ ಕೂದಲೆಳೆಯಷ್ಟು ಕಮ್ಮಿ. 9.78ನ್ನು 0.09ರಿಂದ ಗುಣಿಸಿ 1.2ರಿಂದ ಭಾಗಿಸಿದರೆ 0.73.

ಆದರೆ ಇದು ಘರ್ಷಣೆ ಇಲ್ಲದ ಹಳಿಯ ಲೆಕ್ಕ. ಗಾಡಿ ಒಂದು ಸಲವೂ 0.73ರ ವೇಗೋತ್ಕರ್ಷದಲ್ಲಿ ಓಡಲೇ ಇಲ್ಲ. ಏರುವಾಗ ಗುರುತ್ವ ಕೆಳಕ್ಕೆ ಎಳೆಯುತ್ತದೆ, ಘರ್ಷಣೆಯೂ ಚಲನೆಗೆ ಎದುರು ಅಂದರೆ ಕೆಳಕ್ಕೇ ಎಳೆಯುತ್ತದೆ. ಎರಡೂ ಕೂಡುತ್ತವೆ. ಇಳಿಯುವಾಗ ಗುರುತ್ವ ಕೆಳಕ್ಕೆ, ಘರ್ಷಣೆ ಮೇಲಕ್ಕೆ. ಒಂದರಿಂದ ಇನ್ನೊಂದು ಕಳೆಯುತ್ತದೆ. ಹಾಗಾಗಿ ಎರಡರ ಸರಾಸರಿ ಗುರುತ್ವದ ಪಾಲು, 0.73. ಎರಡರ ವ್ಯತ್ಯಾಸದ ಅರ್ಧ ಘರ್ಷಣೆಯ ಪಾಲು, 0.05. ಅರ್ಧ ಕೆಜಿ ಗಾಡಿಗೆ ಘರ್ಷಣೆಯ ಬಲ 0.025 ನ್ಯೂಟನ್. ಒಂದೇ ಗೆರೆ ಎಳೆದರೆ ಈ ಎರಡನೇ ಉತ್ತರ ಕಾಣದೇ ಹೋಗುತ್ತದೆ.

ಗೆರೆ ಸೊನ್ನೆ ದಾಟುವ ಜಾಗದಲ್ಲಿ ಒಂದು ಸಣ್ಣ ಮುರಿವು ಇದೆ. ಸ್ಕ್ರೀನ್‌ಶಾಟ್‌ನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ ಅನ್ನಬಹುದು. ಏರುವ ಭಾಗದ ಮೇಲೆ ಒಂದು ಕಾಗದದ ಅಂಚು ಇಟ್ಟು ಹಾಗೇ ಮುಂದಕ್ಕೆ ನೋಡಿ. ಇಳಿಯುವ ಗೆರೆ ಅಂಚಿನಿಂದ ನಿಧಾನಕ್ಕೆ ಮೇಲಕ್ಕೆ ಸರಿಯುವುದು ಕಾಣುತ್ತದೆ. ನಾನು ಪರದೆಗೇ ಹಳೇ ಬಸ್ ಟಿಕೆಟ್ ಒತ್ತಿ ನೋಡಿದೆ. 2.9 ಸೆಕೆಂಡ್‌ನ ಹತ್ತಿರ ಇಪ್ಪತ್ತು ಪಿಕ್ಸೆಲ್‌ಗೂ ಹೆಚ್ಚು ಅಂತರ ಇತ್ತು.

ಒಂದು ಎಚ್ಚರಿಕೆ. 0.05 ಅನ್ನುವುದು ಎರಡು ದೊಡ್ಡ ಅಂಕಿಗಳ ನಡುವಿನ ಸಣ್ಣ ವ್ಯತ್ಯಾಸದ ಅರ್ಧ. ಪ್ರತಿ ಸ್ಲೋಪ್‌ನಲ್ಲಿ 0.02 ತಪ್ಪು ಇರಬಹುದಾದರೆ ಈ 0.05ರಲ್ಲೂ ಅಷ್ಟೇ ತಪ್ಪು ಇರಬಹುದು. ಸುಮಾರು 0.03ರಿಂದ 0.07 ಅಂತ ಬರೆಯುವುದು ಪ್ರಾಮಾಣಿಕ. 0.0493 ಅಂತ ಬರೆದರೆ ಓದುವವರಿಗೆ ನಗು ಬರುತ್ತದೆ.

ಚಿಹ್ನೆಯ ಬಗ್ಗೆ ಒಂದು ಮಾತು. ಇಳಿಯುವಾಗಲೂ ವೇಗೋತ್ಕರ್ಷ ಮೈನಸ್ಸೇ. "ಮೈನಸ್ ಅಂದ್ರೆ ನಿಧಾನ ಆಗೋದಲ್ವಾ?" ಅಂದರೆ, ಅಲ್ಲ. ವೇಗ ಮತ್ತು ವೇಗೋತ್ಕರ್ಷ ಎರಡೂ ಮೈನಸ್ ಇದ್ದಾಗ ಗಾಡಿ ಜೋರಾಗುತ್ತಾ ಹೋಗುತ್ತದೆ, ಹಿಂದಿನ ದಿಕ್ಕಿನಲ್ಲಿ. ತುದಿಯಲ್ಲಿ ವೇಗ ಸೊನ್ನೆ ಆದ ಕ್ಷಣದಲ್ಲೂ ವೇಗೋತ್ಕರ್ಷ ಸೊನ್ನೆ ಆಗುವುದಿಲ್ಲ. ಗೆರೆ ಅಲ್ಲಿ ಮಲಗಿಲ್ಲ, ಓರೆಯಾಗಿಯೇ ದಾಟುತ್ತದೆ.

ವಿಸ್ತೀರ್ಣ: ಸೊನ್ನೆ ಗೆರೆಯ ಮೇಲೆ ಒಂದು, ಕೆಳಗೆ ಒಂದು

ಗೆರೆಗೂ ಸೊನ್ನೆ ಗೆರೆಗೂ ನಡುವಿನ ವಿಸ್ತೀರ್ಣವೇ ಸ್ಥಾನಪಲ್ಲಟ. ಮೇಲಿದ್ದರೆ ಪ್ಲಸ್, ಕೆಳಗಿದ್ದರೆ ಮೈನಸ್. ಗ್ರಾಫ್‌ನ ಕೆಳ ಅಂಚಿನವರೆಗೆ ಅಲ್ಲ, ಸೊನ್ನೆ ಗೆರೆಯವರೆಗೆ.

ತಳ್ಳಿದ ಭಾಗ ಬಾಗಿರುವುದರಿಂದ 0.1 ಸೆಕೆಂಡ್ ಅಗಲದ ಪಟ್ಟಿಗಳಾಗಿ ಕತ್ತರಿಸೋಣ. `X` 187, 212, 237, 262ರಲ್ಲಿ `Y` ಓದಿದರೆ 300, 256, 161, 104. ವೇಗಕ್ಕೆ ಬದಲಿಸಿದರೆ 0, 0.21, 0.66, 0.93. ಪ್ರತಿ ಪಟ್ಟಿಯನ್ನೂ ಒಂದು ತ್ರಾಪಿಜ್ಯ ಅಂತ ಹಿಡಿದರೆ, ಅಗಲ ಗುಣಿಸು ಎರಡು ಬದಿಗಳ ಸರಾಸರಿ. ಮೂರನ್ನೂ ಕೂಡಿಸಿದರೆ 0.134 ಮೀಟರ್.

ಏರುವ ಭಾಗ ಒಂದು ತ್ರಿಕೋನ. ಅದರ ಎತ್ತರವನ್ನು ಮೂಲೆಯಲ್ಲಿ ಓದದೆ, ನೇರ ಗೆರೆಯನ್ನೇ ಹಿಂದಕ್ಕೆ ಬೆಳೆಸಿ ತೆಗೆದುಕೊಂಡೆ. 0.7 ಸೆಕೆಂಡ್‌ನಲ್ಲಿ 0.857 ಇದ್ದದ್ದು 0.6ರಲ್ಲಿ 0.935. ತಳ 1.2 ಸೆಕೆಂಡ್. ವಿಸ್ತೀರ್ಣ 0.561 ಮೀಟರ್.

ಇಳಿಯುವ ಭಾಗವೂ ತ್ರಿಕೋನ, ಕೆಳಗೆ. ತಳ 1.1 ಸೆಕೆಂಡ್, ಎತ್ತರ 0.749. ವಿಸ್ತೀರ್ಣ ಮೈನಸ್ 0.412 ಮೀಟರ್. ಹಿಡಿದು ನಿಲ್ಲಿಸಿದ ಭಾಗ 0.1 ಸೆಕೆಂಡ್‌ನ ತೆಳು ತ್ರಿಕೋನ, ಮೈನಸ್ 0.037.

```
displacement = 0.134 + 0.561 - 0.412 - 0.037 = 0.246 m
distance     = 0.134 + 0.561 + 0.412 + 0.037 = 1.144 m
```

ಇಲ್ಲೇ ಅವಳ 1.14 ಸಿಕ್ಕಿಬಿತ್ತು. ಅದು ಗಾಡಿ ಓಡಿದ ಒಟ್ಟು ದೂರ. ಸ್ಥಾನಪಲ್ಲಟ 0.25 ಮೀಟರ್. ವಿಸ್ತೀರ್ಣ ಅಂದಮೇಲೆ ಮೈನಸ್ ಹೇಗೆ ಬರುತ್ತೆ ಅಂತ ಎಲ್ಲವನ್ನೂ ಪ್ಲಸ್ ಮಾಡಿ ಕೂಡಿಸಿದ್ದಳು. ಹೊಲದ ವಿಸ್ತೀರ್ಣಕ್ಕೆ ಮೈನಸ್ ಇಲ್ಲ, ಸರಿ. ಆದರೆ ಇಲ್ಲಿ ಪಟ್ಟಿಯ ಎತ್ತರ ಅನ್ನುವುದು ವೇಗ. ವೇಗ ಮೈನಸ್ ಇದ್ದರೆ ಅದನ್ನು ಸಮಯದಿಂದ ಗುಣಿಸಿದ್ದೂ ಮೈನಸ್. ಗಾಡಿ ಬಂದ ದಾರಿಗೇ ವಾಪಸ್ ಹೋಗುತ್ತಿದೆ ಅಂತ ಅದರ ಅರ್ಥ. ಪ್ರಶ್ನೆಯಲ್ಲಿ ಒಟ್ಟು ಅಂತ ಒಂದು ಪದ ಇದ್ದ ಮಾತ್ರಕ್ಕೆ ಎಲ್ಲವನ್ನೂ ಪ್ಲಸ್ ಮಾಡಬೇಕಿಲ್ಲ. ಒಟ್ಟು ಸ್ಥಾನಪಲ್ಲಟ ಅಂದರೆ ಚಿಹ್ನೆ ಇಟ್ಟುಕೊಂಡೇ ಕೂಡಿಸಿದ ಮೊತ್ತ.

ಬಾಗಿದ ಭಾಗ ಜಾಸ್ತಿ ಇದ್ದರೆ ಕೈಯಲ್ಲಿ ಮಾಡುವುದು ಬೇಜಾರು. ಸ್ಪ್ರೆಡ್‌ಶೀಟ್‌ನಲ್ಲಿ `A` ಕಾಲಂಗೆ `X`, `B` ಕಾಲಂಗೆ `Y` ತುಂಬಿ, ಎರಡನೇ ಸಾಲಿನಿಂದ ಶುರು ಮಾಡಿ:

```
C2:  =(A2-112)/250
D2:  =(300-B2)/210
E3:  =(D2+D3)/2*(C3-C2)
```

ಕೆಳಗೆ ಎಳೆದು, `E` ಕಾಲಂ ಕೂಡಿಸಿದರೆ ಸ್ಥಾನಪಲ್ಲಟ. ಚಿಹ್ನೆ ತಾನಾಗಿ ಬರುತ್ತದೆ. ಗೆರೆ ಸೊನ್ನೆ ದಾಟುವ ಜಾಗದಲ್ಲಿ ಒಂದು ಬಿಂದು ಇರಲಿ, ಒಟ್ಟು ದೂರವೂ ಬೇಕಾದರೆ ಅದು ಬೇಕೇ ಬೇಕು. ನೇರ ಭಾಗದ ಸ್ಲೋಪ್‌ಗೆ `=SLOPE(D6:D14,C6:C14)` ಥರ ಆ ತುಂಡಿನ ಸಾಲುಗಳನ್ನು ಮಾತ್ರ ಕೊಡಿ. ವೇಗ ಮೊದಲು, ಸಮಯ ಆಮೇಲೆ. ಅದಲುಬದಲಾದರೆ 0.78ರ ಜಾಗದಲ್ಲಿ 1.28 ಬರುತ್ತದೆ.

ತಪ್ಪು ಎಲ್ಲಿ ನುಸುಳುತ್ತದೆ

ಸ್ಲೋಪ್‌ಗೂ ವಿಸ್ತೀರ್ಣಕ್ಕೂ ಒಂದೇ ಗೆರೆ ಓದಿದರೂ ಅವು ಕೆಡುವ ರೀತಿ ಬೇರೆ. ಸೊನ್ನೆ ಗೆರೆಯನ್ನು 300ರ ಬದಲು 303 ಅಂತ ಓದಿದಿರಿ ಅಂದುಕೊಳ್ಳಿ. ಎಲ್ಲ ವೇಗಗಳೂ 0.014ರಷ್ಟು ಮೇಲೇರುತ್ತವೆ. ಸ್ಲೋಪ್‌ಗೆ ಏನೂ ಆಗುವುದಿಲ್ಲ, ಒಂದರಿಂದ ಒಂದು ಕಳೆಯುವಾಗ ಆ ತಪ್ಪು ಹಾರಿಹೋಗುತ್ತದೆ. ಆದರೆ ವಿಸ್ತೀರ್ಣದಲ್ಲಿ ಅದು 2.7 ಸೆಕೆಂಡ್ ಪೂರ್ತಿ ಜಮಾ ಆಗುತ್ತದೆ. ಸುಮಾರು 4 ಸೆಂಟಿಮೀಟರ್ ಆಯಿತು. 25 ಸೆಂಟಿಮೀಟರ್‌ನ ಉತ್ತರದಲ್ಲಿ 4 ಅಂದರೆ ಜಾಸ್ತಿಯೇ. ಒಟ್ಟು ದೂರಕ್ಕೆ ಈ ಏಟು ಅಷ್ಟು ಬೀಳುವುದಿಲ್ಲ, ಮೇಲಿನ ಭಾಗ ಉಬ್ಬಿದಷ್ಟೇ ಕೆಳಗಿನದು ಕುಗ್ಗುತ್ತದೆ.

ಇದನ್ನು ಹಿಡಿಯುವ ಸುಲಭ ದಾರಿ ಗ್ರಾಫ್‌ನಲ್ಲೇ ಇದೆ. ತಳ್ಳುವ ಮೊದಲು 0.3 ಸೆಕೆಂಡ್ ಗಾಡಿ ಸುಮ್ನೆ ನಿಂತಿತ್ತು. ಹಿಡಿದ ಮೇಲೂ ನಿಂತಿತ್ತು. ಆ ಎರಡೂ ಕಡೆ ಗೆರೆ 300ರಲ್ಲೇ ಮಲಗಿರಬೇಕು. ಮಲಗಿಲ್ಲದಿದ್ದರೆ ಸೊನ್ನೆ ತಪ್ಪು.

ದುಂಡಗಾದ ಮೂಲೆಗಳು ಇದಕ್ಕೆ ತಿರುಗುಮುರುಗು. ಅವು ಸ್ಲೋಪ್ ಕೆಡಿಸುತ್ತವೆ, ವಿಸ್ತೀರ್ಣವನ್ನು ಹೆಚ್ಚೇನೂ ಕೆಡಿಸುವುದಿಲ್ಲ. ವೇಗವನ್ನು ದೂರದ ವ್ಯತ್ಯಾಸದಿಂದಲೇ ಮಾಡಿರುವುದು. ತುದಿಯನ್ನು ಸವೆಸಿ ತೆಗೆದದ್ದನ್ನು ಪಕ್ಕದಲ್ಲೇ ಸುರಿದಿರುತ್ತದೆ. ಕೂಡಿಸಿದಾಗ ವಾಪಸ್ ಸಿಗುತ್ತದೆ.

ಇನ್ನೊಂದು ಕಾಟ ಸೆನ್ಸರ್‌ನದೇ. ಗಾಡಿ ಸೆನ್ಸರ್‌ಗೆ ತೀರಾ ಹತ್ತಿರ ಬಂದರೆ ಅದಕ್ಕೆ ಕಾಣುವುದಿಲ್ಲ. ಬಹಳಷ್ಟು ಸೆನ್ಸರ್‌ಗಳಿಗೆ ಒಂದು ಗೇಣಿನಷ್ಟಾದರೂ ಅಂತರ ಬೇಕು. ಅಷ್ಟರೊಳಗೆ ಹೋದರೆ ಗ್ರಾಫ್‌ನಲ್ಲಿ ಮುಳ್ಳಿನಂಥ ಏರಿಳಿತ ಬರುತ್ತದೆ. ತಳ್ಳಿದ ಕೈ ಅಲೆಗೆ ಅಡ್ಡ ಬಂದರೂ ಹಾಗೇ. ಅಂಥ ಮುಳ್ಳು ಇದ್ದ ಕಡೆ ಬಿಂದು ಆರಿಸಬೇಡಿ. ವಿಸ್ತೀರ್ಣಕ್ಕೆ ಮುಳ್ಳಿನ ಎರಡೂ ಬದಿಯ ಒಳ್ಳೆ ಗೆರೆಯನ್ನು ಸೇರಿಸಿ, ಹಾಗೆ ಮಾಡಿದ್ದೇನೆ ಅಂತ ರೆಕಾರ್ಡ್‌ನಲ್ಲಿ ಬರೆಯಿರಿ.

ತಾಳೆ ನೋಡುವುದು

ಲೆಕ್ಕ ಮುಗಿದ ಮೇಲೆ ಹಳಿಯ ಮೇಲೆ ಗಾಡಿಯನ್ನು ಮನಸ್ಸಿನಲ್ಲೇ ಒಂದು ಸಲ ಓಡಿಸಿ. ಗಾಡಿ ಶುರುವಾದದ್ದು ಸೆನ್ಸರ್‌ನಿಂದ 22 ಸೆಂಟಿಮೀಟರ್ ದೂರದಲ್ಲಿ, ಅದನ್ನು ಅವಳು ಸ್ಕೇಲ್ ಇಟ್ಟು ಬರೆದುಕೊಂಡಿದ್ದಳು. ಏರಿದ್ದು ಒಟ್ಟು 0.134 ಕೂಡಿಸು 0.561, ಸುಮಾರು 70 ಸೆಂಟಿಮೀಟರ್. ಅಲ್ಲಿಗೆ 92. ಹಳಿಯ ಉದ್ದ 120, ಅದರೊಳಗೇ ಇದೆ. ಉತ್ತರ 130 ಬಂದಿದ್ದರೆ ಗಾಡಿ ನೆಲಕ್ಕೆ ಬಿದ್ದಿರಬೇಕಿತ್ತು. ವಾಪಸ್ ಬಂದದ್ದು 45. ನಿಂತದ್ದು ಸುಮಾರು 47ರಲ್ಲಿ.

ಅವಳ 1.14 ಸ್ಥಾನಪಲ್ಲಟ ಆಗಿದ್ದರೆ ಗಾಡಿ 136 ಸೆಂಟಿಮೀಟರ್‌ನಲ್ಲಿ ನಿಲ್ಲಬೇಕಿತ್ತು. ಹಳಿಯೇ ಇಲ್ಲದ ಜಾಗ ಅದು. "ಗಾಳಿಯಲ್ಲಿ ನಿಂತಿತ್ತಾ ಗಾಡಿ?" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ.

ರೆಕಾರ್ಡ್‌ನಲ್ಲಿ ಏರುವಾಗ, ಇಳಿಯುವಾಗ ಅಂತ ಎರಡು ವೇಗೋತ್ಕರ್ಷ ಬೇರೆ ಬೇರೆ ಬರೆಯಲು ಹೇಳಿದೆ, ಎರಡು ದಶಾಂಶಕ್ಕೆ, ಪಕ್ಕದಲ್ಲಿ 0.02 ಹೆಚ್ಚುಕಡಿಮೆ ಅಂತ. ಸ್ಥಾನಪಲ್ಲಟ 0.25 ಮೀಟರ್, ಒಟ್ಟು ದೂರ 1.14 ಮೀಟರ್, ಎರಡೂ ಇರಲಿ. ಪಿಕ್ಸೆಲ್ ಓದಿದ ಪಟ್ಟಿಯನ್ನೂ ಹಿಂದಿನ ಪುಟದಲ್ಲಿ ಅಂಟಿಸಲು ಹೇಳಿದೆ.

ಮಾರನೇ ದಿನ ಮಧ್ಯಾಹ್ನ ಮೆಸೇಜ್ ಬಂತು. ಜೊತೆಯ ಹುಡುಗಿ ಅದೇ ಓಟದ ದೂರದ ಟ್ಯಾಬ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದಳಂತೆ. ಗೆರೆ 0.22ರಲ್ಲಿ ಶುರುವಾಗಿ, 0.91ರವರೆಗೆ ಏರಿ, 0.47ರಲ್ಲಿ ನಿಂತಿತ್ತು.